ಕೊನೆಯ ಕಂತು ಕಟ್ಟಿದ ಮೇಲೆ ಉಳಿಯುವ ಕೆಲಸ

ಗೃಹಸಾಲದ ಕೊನೆಯ ಕಂತು ಖಾತೆಯಿಂದ ಕಡಿತವಾದ ದಿನವೇ ಸಾಲ ತೀರಿತೆಂದು ಬಹಳಷ್ಟು ಜನ ತಿಳಿಯುತ್ತಾರೆ. ಆದರೆ ಹಿಂದೆ ಯಾವಾಗಲೋ ಒಂದು ಕಂತು ತಡವಾಗಿದ್ದರೆ ಅದರ ದಂಡ, ಬಡ್ಡಿದರ ಬದಲಾದಾಗ ಉಳಿದುಹೋದ ಚಿಲ್ಲರೆ ವ್ಯತ್ಯಾಸ, ಕೊನೆಯ ಕೆಲವು ದಿನಗಳ ಬಡ್ಡಿ, ಇವೆಲ್ಲ ಸಾಲದ ಖಾತೆಯಲ್ಲಿ ಹಾಗೆಯೇ ನಿಂತಿರಬಹುದು. ಬಾಕಿ ಮುನ್ನೂರು ರೂಪಾಯಿ ಇದ್ದರೂ ಖಾತೆ ಮುಚ್ಚುವುದಿಲ್ಲ. ಆದ್ದರಿಂದ ಕೊನೆಯ ಕಂತಿಗೆ ಮೊದಲೇ ಶಾಖೆಗೆ ಪತ್ರ ಬರೆದು, ಇಂಥ ದಿನಕ್ಕೆ ಒಟ್ಟು ಎಷ್ಟು ಕಟ್ಟಿದರೆ ಖಾತೆ ಸೊನ್ನೆಯಾಗುತ್ತದೆ ಎಂಬ ಲೆಕ್ಕವನ್ನು ಬರಹದಲ್ಲಿ ಪಡೆಯಬೇಕು. ಅಷ್ಟನ್ನು ಕಟ್ಟಿ, ಬಾಕಿ ಸೊನ್ನೆ ಎಂದು ತೋರಿಸುವ ಸ್ಟೇಟ್‌ಮೆಂಟ್ ತೆಗೆದಿಟ್ಟುಕೊಳ್ಳಬೇಕು. ಮುಂದಿನ ಎಲ್ಲ ಗಡುವುಗಳೂ ಆ ದಿನದಿಂದಲೇ ಎಣಿಕೆಯಾಗುತ್ತವೆ.

ಬೇಬಾಕಿ ಪತ್ರ, ಅಂದರೆ ನೋ ಡ್ಯೂ ಸರ್ಟಿಫಿಕೇಟ್, ಇದಾದ ಮೇಲೆ ಬರುವಂಥದು. ಅದರಲ್ಲಿ ಸಾಲದ ಖಾತೆ ಸಂಖ್ಯೆ, ಸಾಲಗಾರರೆಲ್ಲರ ಹೆಸರು, ಖಾತೆ ಮುಚ್ಚಿದ ದಿನಾಂಕ, ಅಡವಿಟ್ಟ ಆಸ್ತಿಯ ವಿವರ ಮತ್ತು ಆ ಆಸ್ತಿಯ ಮೇಲೆ ಬ್ಯಾಂಕಿಗೆ ಇನ್ನು ಯಾವ ಹಕ್ಕೂ ಇಲ್ಲವೆಂಬ ಮಾತು ಇರಬೇಕು. "ಸಾಲ ತೀರಿದೆ" ಎಂಬ ಒಂದೇ ಸಾಲಿನ ಪತ್ರ ಕೊಟ್ಟರೆ, ಆಸ್ತಿಯ ವಿವರ ಸೇರಿಸಿಕೊಡಿ ಎಂದು ಅಲ್ಲಿಯೇ ಕೇಳುವುದು ಒಳ್ಳೆಯದು.

ಮೂಲ ದಾಖಲೆಗಳು ಹೆಚ್ಚಾಗಿ ಶಾಖೆಯಲ್ಲಿ ಇರುವುದಿಲ್ಲ. ಬ್ಯಾಂಕುಗಳು ಅವನ್ನು ಬೇರೆಡೆ ಕೇಂದ್ರ ದಾಸ್ತಾನಿನಲ್ಲಿ ಇಡುವುದುಂಟು. ತರಿಸಲು ಸಮಯ ಬೇಕು ಎಂಬ ಮಾತು ಹುಟ್ಟುವುದು ಇಲ್ಲಿಂದಲೇ. ಈ ಸಮಯಕ್ಕೆ ರಿಸರ್ವ್ ಬ್ಯಾಂಕ್ ಒಂದು ಮಿತಿ ಹಾಕಿದೆ. 2023ರ ಸೆಪ್ಟೆಂಬರ್ 13ರಂದು ಹೊರಡಿಸಿ, ಅದೇ ವರ್ಷದ ಡಿಸೆಂಬರ್ 1ರಿಂದ ಜಾರಿಗೆ ತಂದ ಆದೇಶದಂತೆ, ಸಾಲ ಪೂರ್ತಿ ತೀರಿದ 30 ದಿನಗಳೊಳಗೆ ಎಲ್ಲ ಮೂಲ ದಾಖಲೆಗಳನ್ನೂ ಹಿಂದಿರುಗಿಸಬೇಕು, ದಾಖಲಿಸಿದ ಋಣಭಾರವನ್ನೂ ತೆಗೆಸಬೇಕು. ತಪ್ಪು ಬ್ಯಾಂಕಿನದಾದರೆ ತಡವಾದ ಪ್ರತಿ ದಿನಕ್ಕೆ 5,000 ರೂಪಾಯಿ ಪರಿಹಾರ. ಸಹಕಾರಿ ಬ್ಯಾಂಕುಗಳಿಗೂ ಗೃಹಸಾಲ ಕಂಪನಿಗಳಿಗೂ ಇದು ಅನ್ವಯಿಸುತ್ತದೆ. ಆದರೆ ಇದು ವೈಯಕ್ತಿಕ ಸಾಲಗಳಿಗಷ್ಟೇ ಮಾಡಿದ ನಿಯಮ. ಗೃಹಸಾಲ ಅದರೊಳಗೆ ಬರುತ್ತದೆ, ವ್ಯಾಪಾರಕ್ಕೆಂದು ಪಡೆದ ಸಾಲ ಬರುವುದಿಲ್ಲ.

ಒಂದು ಉದಾಹರಣೆ ನೋಡೋಣ. ತುಮಕೂರಿನ ದಂಪತಿಯ ಗೃಹಸಾಲದ ಬಾಕಿ ಏಪ್ರಿಲ್ 10ರಂದು ಸೊನ್ನೆಯಾಯಿತು ಎಂದಿಟ್ಟುಕೊಳ್ಳಿ. ಮೇ 10ರೊಳಗೆ ಪತ್ರಗಳು ಅವರ ಕೈಸೇರಬೇಕು. ಸೇರಿದ್ದು ಮೇ 30ಕ್ಕೆ ಎಂದರೆ 20 ದಿನ ತಡ, ಪರಿಹಾರ ಒಂದು ಲಕ್ಷ ರೂಪಾಯಿ. ಪತ್ರಗಳೇ ಕಳೆದುಹೋಗಿದ್ದರೆ ಬ್ಯಾಂಕಿಗೆ ಇನ್ನೂ 30 ದಿನ ಸಿಗುತ್ತದೆ, ಪರಿಹಾರದ ಎಣಿಕೆ 60 ದಿನಗಳ ನಂತರ ಶುರುವಾಗುತ್ತದೆ. ನಕಲು ಅಥವಾ ದೃಢೀಕೃತ ಪ್ರತಿ ತೆಗೆಸಿಕೊಡಲು ನೆರವಾಗುವುದೂ ಅದರ ಖರ್ಚು ಭರಿಸುವುದೂ ಬ್ಯಾಂಕಿನ ಹೊಣೆ. ಸಾಲಗಾರ ತೀರಿಕೊಂಡಿದ್ದರೆ ವಾರಸುದಾರರಿಗೆ ಪತ್ರ ಕೊಡುವ ಕ್ರಮ ಏನೆಂಬುದನ್ನು ಬ್ಯಾಂಕು ತನ್ನ ಜಾಲತಾಣದಲ್ಲಿ ಪ್ರಕಟಿಸಿರಬೇಕು.

ಪತ್ರ ಪಡೆಯುವ ದಿನ ಜಂಟಿ ಸಾಲಗಾರರು ಗುರುತಿನ ಚೀಟಿಯೊಂದಿಗೆ ಒಟ್ಟಿಗೆ ಹೋದರೆ ಮತ್ತೊಮ್ಮೆ ಅಲೆಯುವುದು ತಪ್ಪುತ್ತದೆ. ಸಾಲ ಪಡೆಯುವಾಗ ಬ್ಯಾಂಕು ಕೊಟ್ಟ ದಾಖಲೆಗಳ ಪಟ್ಟಿಯೂ ಜೊತೆಗಿರಲಿ. ಕ್ರಯಪತ್ರ, ಹಿಂದಿನ ಮಾಲೀಕರ ಪತ್ರಗಳು, ಖಾತೆ, ಮಂಜೂರಾದ ನಕ್ಷೆ ಹೀಗೆ ಒಂದೊಂದನ್ನೂ ಪಟ್ಟಿಗೆ ಹೋಲಿಸಿ, ಕ್ರಯಪತ್ರದ ಪುಟಗಳನ್ನು ಎಣಿಸಿ, ನೋಂದಣಿ ಸಂಖ್ಯೆ ಮತ್ತು ಮೊಹರು ನೋಡಿಯೇ ರಸೀದಿಗೆ ಸಹಿ ಹಾಕಬೇಕು. "ಎಲ್ಲ ಪತ್ರ ತಲುಪಿದೆ" ಎಂದು ಸಹಿ ಹಾಕಿದ ಮೇಲೆ, ಇಂಥದ್ದು ಬಂದಿಲ್ಲ ಎಂದು ಸಾಧಿಸುವುದು ಕಷ್ಟ. ಭದ್ರತೆಗೆಂದು ಕೊಟ್ಟ ಖಾಲಿ ಚೆಕ್ಕುಗಳನ್ನೂ ಕೇಳಿ ಪಡೆಯಿರಿ.

ಇಷ್ಟಾದರೂ ಕೆಲಸ ಮುಗಿಯುವುದಿಲ್ಲ. ಸಾಲ ಕೊಡುವಾಗ ಹಕ್ಕುಪತ್ರ ಠೇವಣಿಯ ಕರಾರನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿದ್ದರೆ, ಅದು ಋಣಭಾರ ಪ್ರಮಾಣಪತ್ರದಲ್ಲಿ, ಅಂದರೆ ಇಸಿಯಲ್ಲಿ ಕಾಣುತ್ತಲೇ ಇರುತ್ತದೆ. ಬೇಬಾಕಿ ಪತ್ರ ಕಪಾಟಿನಲ್ಲಿದ್ದ ಮಾತ್ರಕ್ಕೆ ಆ ನಮೂದಿನ ಪರಿಣಾಮ ಹೋಗುವುದಿಲ್ಲ. ಬ್ಯಾಂಕಿನ ಅಧಿಕಾರಿ ಸಹಿ ಮಾಡಿದ ಋಣ ಬಿಡುಗಡೆ ಪತ್ರವೂ ನೋಂದಣಿಯಾಗಬೇಕು. ಅಡಮಾನಗಳ ಕೇಂದ್ರ ದಾಖಲೆಯಾದ ಸೆರ್ಸಾಯ್‌ನಲ್ಲಿರುವ ನಮೂದನ್ನೂ ಬ್ಯಾಂಕೇ ತೆರವುಗೊಳಿಸಬೇಕು. ಇದಾದ ಕೆಲವು ವಾರಗಳ ನಂತರ ಕಾವೇರಿ ಜಾಲತಾಣದಲ್ಲಿ ಹೊಸ ಇಸಿ ತೆಗೆದು, ಬಿಡುಗಡೆ ಪತ್ರ ಅದರಲ್ಲಿ ನಮೂದಾಗಿದೆಯೇ ಎಂದು ನೋಡಿ. ಮುಂದೆ ಮನೆ ಮಾರುವಾಗ ಕೊಳ್ಳುವವರ ವಕೀಲರು ನೋಡುವುದು ಅದನ್ನೇ.

ಗಡುವು ಮೀರಿದರೆ ಮೊದಲು ಬ್ಯಾಂಕಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಬಾಯಿಮಾತಿನ ವಿಚಾರಣೆಗೆ ದಾಖಲೆ ಇರುವುದಿಲ್ಲ. 30 ದಿನಗಳಲ್ಲಿ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ cms.rbi.org.in ಮೂಲಕ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್‌ಗೆ ಶುಲ್ಕವಿಲ್ಲದೆ ದೂರು ಸಲ್ಲಿಸಬಹುದು. ಬಾಕಿ ಸೊನ್ನೆಯಾದ ಸ್ಟೇಟ್‌ಮೆಂಟ್ ಮತ್ತು ದೂರಿನ ಸ್ವೀಕೃತಿ ಕೈಯಲ್ಲಿದ್ದರೆ ತಡವಾದ ದಿನಗಳ ಲೆಕ್ಕಕ್ಕೆ ಬೇರೆ ಸಾಕ್ಷಿ ಹುಡುಕಬೇಕಾಗುವುದಿಲ್ಲ.