ಮೂವತ್ತು ಸೆಂಟಿನ ಹರಳು, ಒಂದು ಕ್ಯಾರೆಟ್ಟಿನ ಚಿತ್ರ

ಅಕ್ಷಯ ತೃತೀಯಕ್ಕೆ ಮೂರು ವಾರ ಬಾಕಿ ಇದೆ ಎಂದುಕೊಳ್ಳಿ. ಚಿಕ್ಕಪೇಟೆ ಕಡೆಯ ಆಭರಣದಂಗಡಿಯ ಮಾಲೀಕರೊಬ್ಬರು ಆನ್‌ಲೈನ್ ಮಾರಾಟ ಶುರು ಮಾಡುತ್ತಿದ್ದಾರೆ. ಅಂಗಡಿಯ ಉಂಗುರ, ಓಲೆ, ಪದಕಗಳ ಫೋಟೊ ತೆಗೆಯುವ ಕೆಲಸವನ್ನು ಒಬ್ಬ ಛಾಯಾಗ್ರಾಹಕಿಗೆ ಒಪ್ಪಿಸಿದ್ದಾರೆ. ಫೋಟೊಗಳು ಕೈಸೇರಿದ ಮೇಲೆ ಅವರಿಂದ ಒಂದು ಇಮೇಲ್ ಬರುತ್ತದೆ: ‘ಹರಳುಗಳು ತೀರಾ ಚಿಕ್ಕದಾಗಿ ಕಾಣುತ್ತಿವೆ. ಪಚ್ಚೆಯೊಳಗೆ ಗೆರೆಗಳಿವೆ. ಎಐಯಲ್ಲಿ ಹೊಸ ಚಿತ್ರ ಮಾಡಿಸಿ, ಹರಳು ದಪ್ಪಗೆ, ಒಂದೂ ಕಲೆಯಿಲ್ಲದೆ ಇರಲಿ.’

ಇಂಥ ಬೇಡಿಕೆ ಈಗ ಕೆಲವೇ ನಿಮಿಷಗಳ ಕೆಲಸ. ‘ಆಗುವುದಿಲ್ಲ’ ಎಂದು ಬರೆಯುವುದೇ ಕಷ್ಟ. ಗಿರಾಕಿಯನ್ನು ಕಳೆದುಕೊಳ್ಳದೆ, ಆದರೆ ಮಾತನ್ನು ಮಸುಕು ಮಾಡದೆ ಆಕೆ ಬರೆಯಬಹುದಾದ ಉತ್ತರ ಹೀಗಿರುತ್ತದೆ:

‘ಮಾನ್ಯರೇ, ನಮಸ್ಕಾರ. ನಿಮ್ಮ ಪತ್ರ ಓದಿದೆ. ಚಿತ್ರಗಳು ಇನ್ನೂ ಕಳೆಗಟ್ಟಬೇಕು ಎಂಬ ನಿಮ್ಮ ಮಾತು ಸರಿ. ಆದರೆ ಹರಳನ್ನು ಇದ್ದದ್ದಕ್ಕಿಂತ ದೊಡ್ಡದಾಗಿ, ಕಲೆಯಿಲ್ಲದಂತೆ ಸೃಷ್ಟಿಸಿದ ಚಿತ್ರಗಳನ್ನು ನಾನು ಮಾಡಿಕೊಡಲಾರೆ. ನಿಮ್ಮ ಉಂಗುರದಲ್ಲಿರುವುದು 30 ಸೆಂಟಿನ ವಜ್ರ, ಅಗಲ ಸುಮಾರು 4.3 ಮಿಲಿಮೀಟರ್. ನೀವು ಮಾದರಿಯಾಗಿ ಕಳಿಸಿದ ಚಿತ್ರದಲ್ಲಿ ಅದು ಒಂದು ಕ್ಯಾರೆಟ್ಟಿನಷ್ಟು ಕಾಣುತ್ತದೆ. ಡಬ್ಬಿ ತೆರೆದ ಗಿರಾಕಿಗೆ ಆ ವ್ಯತ್ಯಾಸ ಮೊದಲ ನೋಟಕ್ಕೇ ಗೊತ್ತಾಗುತ್ತದೆ. ಬದಲಿಗೆ ಮೂರು ಕೆಲಸ ಮಾಡಿಕೊಡುತ್ತೇನೆ. ಬೆಳಕನ್ನು ಬದಲಿಸಿ ಹರಳಿನ ಹೊಳಪು ಎದ್ದು ಕಾಣುವಂತೆ ಮತ್ತೆ ತೆಗೆಯುತ್ತೇನೆ. ಪ್ರತಿ ಆಭರಣವನ್ನೂ ಕೈಗೆ, ಕಿವಿಗೆ ತೊಡಿಸಿ ಒಂದೊಂದು ಚಿತ್ರ ಕೊಡುತ್ತೇನೆ. ಹಿನ್ನೆಲೆಯನ್ನು ಬೇಕಿದ್ದರೆ ಎಐಯಲ್ಲೇ ಮಾಡೋಣ, ಒಡವೆಯನ್ನು ಮಾತ್ರ ಮುಟ್ಟುವುದು ಬೇಡ. ಒಪ್ಪಿಗೆಯಾದರೆ ಶುಕ್ರವಾರದೊಳಗೆ ತಿಳಿಸಿ, ಹಬ್ಬಕ್ಕೆ ಮುಂಚೆ ಮುಗಿಸಿಕೊಡುತ್ತೇನೆ.’

ಈ ಪತ್ರದ ಬಲವೆಲ್ಲ ಅದರಲ್ಲಿರುವ ಅಳತೆಯಲ್ಲಿದೆ. ವಜ್ರದ ತೂಕವನ್ನು ಕ್ಯಾರೆಟ್ಟಿನಲ್ಲಿ ಹೇಳುತ್ತಾರೆ. ಒಂದು ಕ್ಯಾರೆಟ್ ಎಂದರೆ 200 ಮಿಲಿಗ್ರಾಂ, ಅದರ ನೂರನೇ ಒಂದು ಪಾಲು ಒಂದು ಸೆಂಟು. ಚೆನ್ನಾಗಿ ಕತ್ತರಿಸಿದ ಒಂದು ಕ್ಯಾರೆಟ್ಟಿನ ದುಂಡು ವಜ್ರ ಸುಮಾರು 6.5 ಮಿಲಿಮೀಟರ್ ಅಗಲವಿರುತ್ತದೆ, 30 ಸೆಂಟಿನದು ಸುಮಾರು 4.3. ಎರಡರ ನಡುವಿನ ಅಂತರ ಎರಡು ಮಿಲಿಮೀಟರ್ ಚಿಲ್ಲರೆ. ಪರದೆಯ ಮೇಲೆ ಅದು ಒಂದೂವರೆ ಪಟ್ಟು ಹಿಗ್ಗಿದಂತೆ ಅಷ್ಟೇ. ಆದರೆ ಹರಳು ಹಿಗ್ಗುವುದು ಅಗಲದಲ್ಲಿ ಮಾತ್ರವಲ್ಲ, ಉದ್ದ ಮತ್ತು ಆಳದಲ್ಲೂ. ಹಾಗಾಗಿ ಅಗಲ ಒಂದೂವರೆ ಪಟ್ಟಾದಾಗ ತೂಕ ಮೂರು ಪಟ್ಟು ಮೀರುತ್ತದೆ. ಬೆಲೆ ಅದಕ್ಕಿಂತಲೂ ವೇಗವಾಗಿ ಏರುತ್ತದೆ, ಏಕೆಂದರೆ ದೊಡ್ಡ ಹರಳುಗಳು ಅಪರೂಪವಾದ್ದರಿಂದ ಪ್ರತಿ ಕ್ಯಾರೆಟ್ಟಿನ ದರವೇ ಹೆಚ್ಚು. ಚಿತ್ರದಲ್ಲಿ ಚೂರು ಹಿಗ್ಗಿಸಿದಂತೆ ಕಾಣುವುದು ಗಿರಾಕಿಯ ಮನಸ್ಸಿನಲ್ಲಿ ಬೇರೆಯೇ ಬೆಲೆಯ ಒಡವೆಯಾಗಿ ಕೂರುತ್ತದೆ.

ಕಲೆಯ ವಿಷಯ ಇನ್ನೂ ಸೂಕ್ಷ್ಮವಾದದ್ದು. ವಜ್ರದ ಶುದ್ಧತೆಯನ್ನು ಪ್ರಯೋಗಾಲಯಗಳು ಹತ್ತು ಪಟ್ಟು ಹಿಗ್ಗಿಸುವ ಮಸೂರದಲ್ಲಿ ನೋಡಿ ದರ್ಜೆ ಕೊಡುತ್ತವೆ. ಎಲ್ಲಕ್ಕಿಂತ ಮೇಲಿನದು ‘ಫ್ಲಾಲೆಸ್’, ಅಂದರೆ ಹತ್ತು ಪಟ್ಟಿನಲ್ಲೂ ಒಳಗಾಗಲಿ ಹೊರಗಾಗಲಿ ಏನೂ ಕಾಣದ ಹರಳು. ಅಂಥದು ಬಲು ವಿರಳ. ಅಂಗಡಿಗಳಲ್ಲಿ ಸಾಮಾನ್ಯವಾಗಿ ಮಾರಾಟವಾಗುವ ವಿಎಸ್, ಎಸ್‌ಐ ದರ್ಜೆಯ ವಜ್ರಗಳಲ್ಲಿ ಮಸೂರಕ್ಕೆ ಸಿಗುವ ಚುಕ್ಕೆ, ಗರಿ, ಮೋಡದಂಥ ಗುರುತುಗಳಿದ್ದೇ ಇರುತ್ತವೆ. ಇದು ಇಂದಿನ ಪರೀಕ್ಷೆಯೇನಲ್ಲ. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ವಜ್ರಪರೀಕ್ಷೆಗೆಂದೇ ಒಂದು ಅಧ್ಯಾಯವಿದ್ದು, ಕಾಗೆಯ ಹೆಜ್ಜೆಯಂಥ ಗುರುತನ್ನು ಅಲ್ಲಿ ದೋಷವೆಂದು ಎಣಿಸಲಾಗಿದೆ.

ಪಚ್ಚೆಯ ಕಥೆ ಬೇರೆ. ಅದರೊಳಗಿನ ಗೆರೆ, ಬಿರುಕು, ಪಾಚಿಯಂಥ ಎಳೆಗಳಿಗೆ ರತ್ನತಜ್ಞರು ಫ್ರೆಂಚಿನಿಂದ ಬಂದ ‘ಜಾರ್ಡಾನ್’ ಎಂಬ ಹೆಸರಿಟ್ಟಿದ್ದಾರೆ, ಹಾಗೆಂದರೆ ತೋಟ. ನಿಸರ್ಗದಲ್ಲಿ ಸಿಗುವ ಬಹುಪಾಲು ಪಚ್ಚೆಗಳಲ್ಲಿ ಈ ತೋಟ ಬರಿಗಣ್ಣಿಗೇ ಕಾಣುತ್ತದೆ. ಬಿರುಕುಗಳು ಮರೆಯಾಗಲೆಂದು ಎಣ್ಣೆ ತುಂಬುವುದೂ ವ್ಯಾಪಾರದಲ್ಲಿ ಎಲ್ಲರಿಗೂ ಗೊತ್ತಿರುವ ರೂಢಿ. ಯಂತ್ರ ಸೃಷ್ಟಿಸಿದ ತಿಳಿಹಸಿರು ಪಚ್ಚೆ ಹಾಗಾಗಿ ಎರಡು ಕಡೆಯಿಂದ ಕೆಡುಕು ಮಾಡುತ್ತದೆ. ಅರಿಯದ ಗಿರಾಕಿ ಅಂಥ ಹರಳೇ ಬರುತ್ತದೆಂದು ನಂಬುತ್ತಾನೆ. ಅರಿತವನು ಇದು ಗಾಜೋ, ಪ್ರಯೋಗಾಲಯದಲ್ಲಿ ಬೆಳೆಸಿದ್ದೋ ಎಂದು ಅನುಮಾನಿಸಿ ಅಂಗಡಿಯನ್ನೇ ಬಿಟ್ಟು ಹೋಗುತ್ತಾನೆ. ಅಂಗಡಿಯವರ ಅಸಲಿ ಪಚ್ಚೆ ಅವರದೇ ಚಿತ್ರದಿಂದ ನಕಲಿಯಂತೆ ಕಾಣುತ್ತದೆ.

ಹಾಗೆಂದು ಚಿತ್ರವನ್ನು ತಿದ್ದುವುದೇ ತಪ್ಪಲ್ಲ. ಆಭರಣದ ಫೋಟೊದಲ್ಲಿ ಧೂಳಿನ ಕಣ ಅಳಿಸುತ್ತಾರೆ. ಹಳದಿಗೆ ತಿರುಗಿದ ಬೆಳಕನ್ನು ಸರಿಪಡಿಸುತ್ತಾರೆ. ಹತ್ತಿರದಿಂದ ತೆಗೆದಾಗ ಹರಳಿನ ಒಂದು ಭಾಗ ಮಾತ್ರ ಸ್ಪಷ್ಟವಾಗಿರುವುದರಿಂದ ಹಲವು ಚಿತ್ರಗಳನ್ನು ಜೋಡಿಸಿ ಒಂದು ಮಾಡುತ್ತಾರೆ. ಇವೆಲ್ಲ ಒಡವೆಯನ್ನು ಕಣ್ಣಿಗೆ ಕಾಣುವ ಹಾಗೆ ತೋರಿಸುವ ಪ್ರಯತ್ನ. ಧೂಳು ಹರಳಿನದಲ್ಲ, ಒರೆಸಿದರೆ ಹೋಗುತ್ತದೆ. ಒಳಗಿನ ಗೆರೆ ಹರಳಿನದು, ಅದು ಗಿರಾಕಿಯ ಮನೆಗೂ ಬರುತ್ತದೆ. ಛಾಯಾಗ್ರಾಹಕಿಯ ಪತ್ರ ಗೆರೆ ಎಳೆದದ್ದು ಇಲ್ಲೇ.

ಕಾನೂನು ಕೂಡ ಆಕೆಯ ಬೆನ್ನಿಗಿದೆ. ಸರಕನ್ನು ಸುಳ್ಳಾಗಿ ಬಣ್ಣಿಸುವುದು, ಮುಖ್ಯ ಮಾಹಿತಿಯನ್ನು ಬೇಕೆಂದೇ ಮುಚ್ಚಿಡುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದಾರಿ ತಪ್ಪಿಸುವ ಜಾಹೀರಾತು. ಅಂಥ ಜಾಹೀರಾತನ್ನು ನಿಲ್ಲಿಸಿ ಎಂದು ವ್ಯಾಪಾರಿಗೆ ಆದೇಶಿಸುವ ಅಧಿಕಾರ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕಿದೆ. 2020ರ ಇ-ಕಾಮರ್ಸ್ ನಿಯಮಗಳು ಇನ್ನೂ ನೇರ: ಜಾಹೀರಾತು ಸರಕಿನ ನಿಜವಾದ ಗುಣಗಳಿಗೆ ಹೊಂದಬೇಕು, ತೋರಿಸಿದಂತೆ ಇಲ್ಲದ ವಸ್ತುವನ್ನು ಹಿಂದಕ್ಕೆ ಪಡೆಯಲು ಮಾರಾಟಗಾರ ನಿರಾಕರಿಸುವಂತಿಲ್ಲ. ಅಮೆರಿಕಕ್ಕೆ ಒಡವೆ ಕಳಿಸುವವರಿಗೆ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ನಿನ ಆಭರಣ ಮಾರ್ಗಸೂಚಿಯೂ ಇದೆ. ಹರಳನ್ನು ಅಸಲಿಗಿಂತ ದೊಡ್ಡದಾಗಿ ತೋರಿಸುವ ಚಿತ್ರ, ನಿಜವಾದ ಗಾತ್ರವನ್ನು ತಿಳಿಸದಿದ್ದರೆ, ಕೊಳ್ಳುವವರನ್ನು ತಪ್ಪುದಾರಿಗೆ ಎಳೆಯಬಹುದು ಎಂದು ಅದು ಹೇಳುತ್ತದೆ. ಹತ್ತಿರದಿಂದ ತೆಗೆದ ಚಿತ್ರಕ್ಕೂ ಈ ಮಾತು ಅನ್ವಯಿಸುತ್ತದೆ. ಅದಕ್ಕೇ ತೊಟ್ಟ ಕೈಯ ಚಿತ್ರ, ಪಕ್ಕದಲ್ಲಿ ಮಿಲಿಮೀಟರ್ ಅಳತೆ ಎರಡೂ ಬೇಕು.

ಸೃಷ್ಟಿಸಿದ ಚಿತ್ರವನ್ನು ಕೊಳ್ಳುವವರೇ ಒಂದಷ್ಟು ಗುರುತಿಸಬಹುದು. ದುಂಡು ವಜ್ರದ ಮುಖಗಳು 57 ಅಥವಾ 58, ಅವು ನಡುವಿನಿಂದ ಸುತ್ತಲೂ ಒಂದೇ ಲೆಕ್ಕದಲ್ಲಿ ಹರಡಿರುತ್ತವೆ. ಯಂತ್ರದ ಚಿತ್ರದಲ್ಲಿ ಈ ಲೆಕ್ಕ ಒಂದು ಬದಿಯಲ್ಲಿ ಕಲಸಿಹೋಗಿರುವುದುಂಟು. ಹರಳನ್ನು ಹಿಡಿದಿರುವ ಚಿನ್ನದ ಕಾಲುಗಳು ಒಂದು ಚಿತ್ರದಲ್ಲಿ ನಾಲ್ಕು, ಇನ್ನೊಂದರಲ್ಲಿ ಐದು ಇರಬಹುದು. ಗಾತ್ರಕ್ಕೆ ಉಂಗುರವೇ ಅಳತೆಗೋಲು. ಭಾರತೀಯ ಅಳತೆಯ 12ನೇ ನಂಬರಿನ ಉಂಗುರದ ಒಳ ಅಗಲ ಸುಮಾರು 16.5 ಮಿಲಿಮೀಟರ್. 30 ಸೆಂಟಿನ ಹರಳು ಅದರ ಕಾಲು ಭಾಗದಷ್ಟಿರಬೇಕು. ಅರ್ಧದ ಹತ್ತಿರಕ್ಕೆ ಬಂದಿದ್ದರೆ ಚಿತ್ರವನ್ನು ನಂಬಬೇಡಿ.

ಹಬ್ಬಕ್ಕೆ ಆನ್‌ಲೈನಿನಲ್ಲಿ ಒಡವೆ ಕೊಳ್ಳುವವರು ಹಣ ಕಟ್ಟುವ ಮೊದಲು ಹರಳಿನ ತೂಕ, ಮಿಲಿಮೀಟರ್ ಅಳತೆ, ಪ್ರಯೋಗಾಲಯದ ಪ್ರಮಾಣಪತ್ರದ ಸಂಖ್ಯೆ ಈ ಮೂರನ್ನೂ ಬರಹದಲ್ಲಿ ಕೇಳಿ. ಕಳಿಸಲಿರುವ ಅದೇ ಒಡವೆಯನ್ನು ಬೆರಳಿಗೆ ತೊಟ್ಟು ತೆಗೆದ ವಿಡಿಯೊ ತರಿಸಿಕೊಳ್ಳಿ. ಜಾಹೀರಾತಿನ ಚಿತ್ರವನ್ನು ಫೋನಿನಲ್ಲಿ ಉಳಿಸಿಕೊಳ್ಳಿ. ತೋರಿಸಿದ್ದಕ್ಕೂ ಬಂದದ್ದಕ್ಕೂ ತಾಳೆಯಾಗದಿದ್ದರೆ ಗ್ರಾಹಕ ಆಯೋಗದ ಮುಂದೆ ಅದು ನಿಮ್ಮ ಸಾಕ್ಷಿ.