ನೆರಳು ಬಿದ್ದ ಫೋಟೊದಿಂದ ಅಕ್ಷರ ಹೊರತೆಗೆಯಬಹುದೇ? ಎಷ್ಟರ ಮಟ್ಟಿಗೆ?

ಪಹಣಿ, ಹಳೆಯ ಕ್ರಯಪತ್ರ ಅಥವಾ ಅಂಕಪಟ್ಟಿಯ ಫೋಟೊ ತೆಗೆಯುವಾಗ ಫೋನಿನ ನೆರಳು ಅರ್ಧ ಪುಟದ ಮೇಲೆ ಬೀಳುವುದು ಸಾಮಾನ್ಯ. ಇಂಥ ಫೋಟೊವನ್ನು ಸರಿಪಡಿಸುವ ಬಗ್ಗೆ ಎರಡು ಮಾತು ಕೇಳಿಬರುತ್ತವೆ. 'ಬ್ರೈಟ್‌ನೆಸ್ ಹೆಚ್ಚಿಸಿದರೆ ಸಾಕು' ಎನ್ನುವುದು ಒಂದು. 'ಸರಿಯಾದ ಫಿಲ್ಟರ್ ಹಾಕಿದರೆ ಎಂಥ ಕತ್ತಲಲ್ಲಿದ್ದ ಅಕ್ಷರವೂ ಬರುತ್ತದೆ' ಎನ್ನುವುದು ಇನ್ನೊಂದು. ಎರಡೂ ಪೂರ್ತಿ ನಿಜವಲ್ಲ. ಇದಕ್ಕೆಂದೇ ಇರುವ ಹೋಮೋಮಾರ್ಫಿಕ್ ಫಿಲ್ಟರಿಂಗ್ ಎಂಬ ವಿಧಾನವನ್ನು ನೋಡಿದರೆ ಕಾರಣ ತಿಳಿಯುತ್ತದೆ.

ಬ್ರೈಟ್‌ನೆಸ್ ಯಾಕೆ ಸಾಲದು?

ಫೋಟೊದ ಪ್ರತಿ ಬಿಂದುವೂ ಎರಡು ಸಂಗತಿಗಳ ಗುಣಲಬ್ಧ: ಅಲ್ಲಿ ಬಿದ್ದ ಬೆಳಕು ಎಷ್ಟು, ಅದರಲ್ಲಿ ಆ ಜಾಗ ವಾಪಸ್ ಕಳುಹಿಸಿದ ಪಾಲು ಎಷ್ಟು. ಲೆಕ್ಕ ಸುಲಭವಾಗಲೆಂದು ಒಂದು ಪುಟವನ್ನು ಊಹಿಸಿಕೊಳ್ಳಿ. ಕಾಗದ ಬಿದ್ದ ಬೆಳಕಿನ 80% ವಾಪಸ್ ಕಳುಹಿಸುತ್ತದೆ, ಶಾಯಿ 8% ಮಾತ್ರ. ಬೆಳಕಿರುವ ಕಡೆ ಬೆಳಕು 250, ನೆರಳಿನಲ್ಲಿ 25.

ಆಗ ಬೆಳಕಿನಲ್ಲಿರುವ ಕಾಗದ 200, ಶಾಯಿ 20. ನೆರಳಿನಲ್ಲಿರುವ ಕಾಗದ 20, ಶಾಯಿ 2. ಒಂದು ಕಡೆಯ ಶಾಯಿ, ಇನ್ನೊಂದು ಕಡೆಯ ಬಿಳಿ ಕಾಗದ ಎರಡೂ 20! ನೆರಳಿನ ಭಾಗ ಕಾಣಲೆಂದು ಎಲ್ಲವನ್ನೂ 10 ಪಟ್ಟು ಹೆಚ್ಚಿಸಿದರೆ ಬೆಳಕಿನ ಭಾಗದ ಕಾಗದ 2000 ಆಗುತ್ತದೆ. ಸಾಮಾನ್ಯ ಫೋಟೊದಲ್ಲಿ 255ಕ್ಕಿಂತ ಹೆಚ್ಚು ಹಿಡಿಸುವುದಿಲ್ಲ, ಹಾಗಾಗಿ ಆ ಭಾಗದಲ್ಲಿ ಕಾಗದ ಅಚ್ಚ ಬಿಳಿಯಾಗಿ, ಅಕ್ಷರ ಪೇಲವವಾಗುತ್ತದೆ.

ಲಾಗರಿದಮ್ ಮಾಡುವ ಕೆಲಸ

ಈ ಸಂಖ್ಯೆಗಳನ್ನು ಇನ್ನೊಮ್ಮೆ ನೋಡಿ. ಎರಡೂ ಕಡೆ ಕಾಗದ ಶಾಯಿಗಿಂತ 10 ಪಟ್ಟು ಹೊಳಪಾಗಿದೆ. ಅಂದರೆ ಮಾಹಿತಿ ಉಳಿದಿದೆ, ಬೆಳಕಿನೊಂದಿಗೆ ಗುಣಾಕಾರವಾಗಿ ಬೆರೆತುಹೋಗಿದೆ, ಅಷ್ಟೆ. ಶಾಲೆಯಲ್ಲಿ ಕಲಿತ ಲಾಗರಿದಮ್ ಗುಣಾಕಾರವನ್ನು ಸಂಕಲನವಾಗಿಸುತ್ತದೆ:

log(ಬೆಳಕು × ಪಾಲು) = log(ಬೆಳಕು) + log(ಪಾಲು)

200, 20 ಮತ್ತು 2ರ ಲಾಗ್ ಕ್ರಮವಾಗಿ 2.3, 1.3 ಮತ್ತು 0.3. ಈಗ ಎರಡೂ ಕಡೆ ಕಾಗದಕ್ಕೂ ಶಾಯಿಗೂ ಇರುವ ಅಂತರ ಸರಿಯಾಗಿ 1. ನೆರಳು ಎಂಬುದು ಪುಟದ ಅರ್ಧ ಭಾಗದಿಂದ 1 ಕಳೆದಂತೆ, ಅಷ್ಟೇ. ಕೂಡಿಕೊಂಡಿರುವುದನ್ನು ಬೇರ್ಪಡಿಸುವುದು ಸುಲಭ. (ಸೊನ್ನೆಗೆ ಲಾಗ್ ಇಲ್ಲದ ಕಾರಣ, ಪ್ರೋಗ್ರಾಮ್‌ಗಳಲ್ಲಿ ಮೊದಲು ಎಲ್ಲ ಬಿಂದುಗಳಿಗೂ 1 ಸೇರಿಸುವುದು ರೂಢಿ.)

ಫಿಲ್ಟರ್ ಯಾವುದನ್ನು ತಗ್ಗಿಸುತ್ತದೆ?

ಬೆಳಕು ಸಾಮಾನ್ಯವಾಗಿ ಪುಟದುದ್ದಕ್ಕೂ ನಿಧಾನವಾಗಿ ಬದಲಾಗುತ್ತದೆ. ಅಕ್ಷರದ ಅಂಚಿನಲ್ಲಿ ಮಾತ್ರ ಬದಲಾವಣೆ ಥಟ್ಟನೆ. ನಿಧಾನದ ಬದಲಾವಣೆಯನ್ನು ಕಡಿಮೆ ಫ್ರೀಕ್ವೆನ್ಸಿ ಎಂದೂ ಥಟ್ಟನೆಯದನ್ನು ಹೆಚ್ಚು ಫ್ರೀಕ್ವೆನ್ಸಿ ಎಂದೂ ಕರೆಯುತ್ತಾರೆ. ಫೊರಿಯರ್ ಟ್ರಾನ್ಸ್‌ಫಾರ್ಮ್ ಎಂಬ ಲೆಕ್ಕ ಇವೆರಡನ್ನೂ ವಿಂಗಡಿಸುತ್ತದೆ. ಆಮೇಲೆ ಹೈ-ಫ್ರೀಕ್ವೆನ್ಸಿ ಎಂಫಸಿಸ್ ಫಿಲ್ಟರ್ ಮೊದಲನೆಯದನ್ನು ತಗ್ಗಿಸಿ ಎರಡನೆಯದನ್ನು ಎತ್ತುತ್ತದೆ.

ನಮ್ಮ ಪುಟದಲ್ಲಿ ಬೆಳಕಿನ ಅಂತರವನ್ನು 0.5ರಿಂದ, ಅಕ್ಷರದ ಅಂತರವನ್ನು 1.2ರಿಂದ ಗುಣಿಸೋಣ. ಕೊನೆಗೆ ಲಾಗ್ ತೆಗೆದು ಮಾಮೂಲಿ ಸಂಖ್ಯೆಗೆ ಮರಳಿ, ಬೆಳಕಿನಲ್ಲಿರುವ ಕಾಗದ ಮತ್ತೆ 200 ಆಗುವಂತೆ ಹೊಂದಿಸಿದರೆ, ನೆರಳಿನ ಕಾಗದ ಸುಮಾರು 63, ಬೆಳಕಿನ ಶಾಯಿ ಸುಮಾರು 13, ನೆರಳಿನ ಶಾಯಿ 4. ಈಗ 30ರ ಮೇಲಿರುವುದೆಲ್ಲ ಕಾಗದ, ಕೆಳಗಿರುವುದೆಲ್ಲ ಅಕ್ಷರ. ಗೊಂದಲ ಮುಗಿಯಿತು. ಇದು ಆದರ್ಶ ಲೆಕ್ಕ. ನಿಜವಾದ ಫೋಟೊದಲ್ಲಿ ಎರಡರ ಗಡಿ ಇಷ್ಟು ಸ್ಪಷ್ಟವಿರುವುದಿಲ್ಲ.

ಎಲ್ಲಿ ಕೈಕೊಡುತ್ತದೆ?

ನೆರಳಿನ ಅಂಚು ಚೂಪಾಗಿದ್ದರೆ ಫಿಲ್ಟರ್ ಅದನ್ನೂ ಅಕ್ಷರದ ಅಂಚೆಂದೇ ಎಣಿಸುತ್ತದೆ. ಆ ಗೆರೆಯುದ್ದಕ್ಕೂ ಒಂದು ಬದಿ ಬೆಳ್ಳನೆಯ, ಇನ್ನೊಂದು ಬದಿ ಕಪ್ಪನೆಯ ಪಟ್ಟಿ ಮೂಡುತ್ತದೆ. ಫೋಟೊದಲ್ಲಿ ವ್ಯಕ್ತಿಯ ಸುತ್ತ ಇಂಥ ಪ್ರಭೆ ಕಂಡ ಮಾತ್ರಕ್ಕೆ ಅದು 'ದೈವಿಕ ಬೆಳಕು' ಅಲ್ಲ, ಬೇರೆ ಚಿತ್ರವನ್ನು ಕತ್ತರಿಸಿ ಅಂಟಿಸಿದ್ದಾರೆ ಎನ್ನಲು ಪುರಾವೆಯೂ ಅಲ್ಲ.

ಇನ್ನೊಂದು ಮಿತಿ: ನಿಧಾನವಾಗಿ ಬದಲಾಗುವುದೆಲ್ಲ ಬೆಳಕೇ ಎಂದು ಫಿಲ್ಟರ್ ನಂಬುತ್ತದೆ. ಕಾಗದದ ಮೇಲೆ ಹರಡಿದ ನೀರಿನ ಕಲೆಯಾಗಲಿ, ಚರ್ಮದ ಮೇಲೆ ಹಬ್ಬಿದ ಬಣ್ಣದ ವ್ಯತ್ಯಾಸವಾಗಲಿ ಇದರಿಂದ ಮಂಕಾಗಬಹುದು. ಹಾಗಾಗಿ ಇಂಥ ಫಿಲ್ಟರ್ ಹಾಕಿದ ಚಿತ್ರವನ್ನು ಡಾಕ್ಟರಿಗೆ ಕಳುಹಿಸಬೇಡಿ, ಮೂಲ ಚಿತ್ರವನ್ನೇ ಕಳುಹಿಸಿ.

ಎಲ್ಲಕ್ಕಿಂತ ಮುಖ್ಯವಾದ ಮಿತಿ ಕತ್ತಲಿನದು. ನೆರಳು ಇನ್ನೂ 10 ಪಟ್ಟು ದಟ್ಟವಾಗಿದ್ದರೆ ಕಾಗದ 2, ಶಾಯಿ 0.2 ಆಗಬೇಕು. ಫೋಟೊ ಪೂರ್ಣ ಸಂಖ್ಯೆಯನ್ನಷ್ಟೇ ದಾಖಲಿಸುವುದರಿಂದ ಶಾಯಿ 0 ಆಗುತ್ತದೆ. ಕಾಗದ, ಶಾಯಿಗಳ ನಡುವೆ ಉಳಿಯುವುದು ಎರಡೇ ಮೆಟ್ಟಿಲು, ಅಷ್ಟು ಅಂತರವನ್ನು ಕ್ಯಾಮೆರಾದ ಕಾಳುಕಾಳಾದ ನಾಯ್ಸ್ ಸುಲಭವಾಗಿ ನುಂಗಿಬಿಡುತ್ತದೆ. ಫಿಲ್ಟರ್ ಎತ್ತಿ ತೋರಿಸುವುದು ಆ ಕಾಳುಗಳನ್ನೇ. ದಾಖಲಾಗದ ಅಕ್ಷರವನ್ನು ಅದು ಹುಟ್ಟಿಸಲಾರದು.

ಹಾಗಾದರೆ ಏನು ಮಾಡಬೇಕು?

ವಾಟ್ಸ್ಆ್ಯಪ್‌ನಲ್ಲಿ ಫೋಟೊ ಆಗಿ ಕಳುಹಿಸಿದರೆ ಚಿತ್ರ ಕುಗ್ಗುತ್ತದೆ, ಕಪ್ಪು ಭಾಗದ ಸೂಕ್ಷ್ಮ ವ್ಯತ್ಯಾಸಗಳು ಅಲ್ಲೇ ಕಳೆದುಹೋಗಬಹುದು. ದಾಖಲೆಯ ಚಿತ್ರವನ್ನು 'ಡಾಕ್ಯುಮೆಂಟ್' ಆಗಿ ಕಳುಹಿಸಿ. ಕಾಗದ ಇನ್ನೂ ಕೈಯಲ್ಲಿದ್ದರೆ ಕಿಟಕಿಯ ಪಕ್ಕದಲ್ಲಿಟ್ಟು ಇನ್ನೊಂದು ಫೋಟೊ ತೆಗೆಯಿರಿ. ಯಾವ ಫಿಲ್ಟರಿಗಿಂತಲೂ ಅದೇ ವಾಸಿ.