ಇಪ್ಪತ್ತು ಹೋಲಿಕೆ, ಒಂದು ‘ಶೋಧ’

ನಂಜನಗೂಡು ರಸಬಾಳೆಯ ಸೊರಗು ರೋಗಕ್ಕೆ ಕಾರಣ ಮಣ್ಣಿನಲ್ಲಿರುವ ಫ್ಯುಸೇರಿಯಂ ಶಿಲೀಂಧ್ರ. ನಿಮ್ಮ ವಿದ್ಯಾರ್ಥಿಗಳು ದೇವನೂರಿನ ತೋಟಗಳಲ್ಲಿ ಈ ರೋಗವನ್ನು ಗೊಬ್ಬರ, ನೀರು, ನೆಟ್ಟ ವಾರ ಹೀಗೆ 20 ಅಂಶಗಳೊಂದಿಗೆ ಹೋಲಿಸಿದರು ಎಂದುಕೊಳ್ಳಿ. ಮಂಗಳವಾರ ನೆಟ್ಟ ಗಿಡಗಳಲ್ಲಿ ರೋಗ ಕಡಿಮೆ ಕಂಡಿತು. ಆಕಸ್ಮಿಕವಾಗಿಯೇ ಇಷ್ಟು ವ್ಯತ್ಯಾಸ ಕಾಣುವ ಸಂಭವ 0.04; ರೂಢಿಯ ಮಿತಿ 0.05. ಇದು ಶೋಧವೆ?

ಯಾವ ಅಂಶಕ್ಕೂ ರೋಗದ ನಂಟಿಲ್ಲವೆನ್ನೋಣ. ಒಂದು ಪರೀಕ್ಷೆ ನಮ್ಮನ್ನು ದಾರಿ ತಪ್ಪಿಸದಿರುವ ಸಂಭವ 0.95. ಪರೀಕ್ಷೆಗಳು ಪರಸ್ಪರ ಸ್ವತಂತ್ರವಾಗಿದ್ದರೆ, ಇಪ್ಪತ್ತೂ ದಾರಿ ತಪ್ಪಿಸದಿರುವ ಸಂಭವ 0.95²⁰, ಅಂದರೆ ಸುಮಾರು 0.36. ಒಂದಾದರೂ ಸುಳ್ಳು ಶೋಧ ಸಿಗುವ ಸಂಭವ ಶೇ. 64! ಉಳಿದ 19 ಹೋಲಿಕೆಗಳನ್ನು ವರದಿಯಲ್ಲಿ ಬಿಟ್ಟರೆ ಓದುಗರಿಗೆ ಇದು ಗೊತ್ತಾಗುವುದೇ ಇಲ್ಲ.

ಬಾನ್‌ಫೆರೋನಿ ವಿಧಾನದಲ್ಲಿ ಮಿತಿಯನ್ನು 0.05/20 = 0.0025ಕ್ಕೆ ಇಳಿಸುತ್ತಾರೆ; ಮಂಗಳವಾರ ಅಲ್ಲಿ ನಿಲ್ಲದು. ಆದರೆ ನಿಜವಾದ ಸಣ್ಣ ಪರಿಣಾಮವೂ ಅದರಲ್ಲಿ ಕೈತಪ್ಪೀತು. ಮಂಗಳವಾರದ ಪ್ರಶ್ನೆಯೊಂದನ್ನೇ ಮೊದಲು ಬರೆದಿಟ್ಟು, ಮುಂದಿನ ವರ್ಷ ಬೇರೆ ತೋಟಗಳಲ್ಲಿ ಪರೀಕ್ಷಿಸುವುದು ಮೇಲು.